ಮಾಟುಂಗಾದ ಒಂದು ಉಡುಪಿ ಹೋಟೆಲ್: ಸ್ವಾಟ್ ಹಾಕಿ ನೋಡಿದಾಗ ಲಾಭ ಯಾರದ್ದು?

ಸ್ವಾಟ್ ಅಂದ್ರೆ ಒಂದು ವ್ಯಾಪಾರದ ಬಲ, ದೌರ್ಬಲ್ಯ, ಅವಕಾಶ, ಅಪಾಯ ನಾಲ್ಕನ್ನೂ ಬರೆದು ನೋಡೋ ಪದ್ಧತಿ. ಕೇಸ್ ಇಷ್ಟು. ಮುಂಬೈನ ಮಾಟುಂಗಾ ಪೂರ್ವದಲ್ಲಿ, ಸ್ಟೇಶನ್‌ಗೆ ನಡೆದೇ ಹೋಗಬಹುದಾದಷ್ಟು ಹತ್ರ, ಒಂದು ಹಳೇ ಉಡುಪಿ ಹೋಟೆಲ್. 1961ರಲ್ಲಿ ಅಜ್ಜ ಶುರು ಮಾಡಿದ್ದು, ಕೆಳಮಹಡಿಯಲ್ಲಿ 1100 ಚದರಡಿ ಜಾಗ, 56 ಸೀಟು, 22 ಜನ ಕೆಲಸದವರು. ಜಾಗ ಪಗಡಿ, ಅಂದ್ರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಕಡಿಮೆ ಬಾಡಿಗೆಯಲ್ಲಿ ಇರೋ ಹಳೇ ಪದ್ಧತಿ; ತಿಂಗಳ ಬಾಡಿಗೆ ಎಲ್ಲಾ ಸೇರಿ 18 ಸಾವಿರ. ಈಗ ಗಲ್ಲಾದಲ್ಲಿ ಕೂರೋದು ದೊಡ್ಡಣ್ಣ, ಪರ್ಚೇಸ್ ನೋಡೋದು ತಮ್ಮ, ದೊಡ್ಡಣ್ಣನ ಮಗ ಪುಣೆಯಲ್ಲಿ ಎಂಬಿಎ ಮುಗಿಸಿ ಹೋದ ವರ್ಷ ಬಂದು ಸೇರ್ಕೊಂಡಿದ್ದಾನೆ. ಮನೇಲಿ ಮೂರು ಮಾತು ನಡೀತಿದೆ: ತಮ್ಮನಿಗೆ ಥಾಣೆಯ ಘೋಡ್‌ಬಂದರ್ ರೋಡಲ್ಲಿ ಎರಡನೇ ಬ್ರಾಂಚ್ ಬೇಕು, ಮಗನಿಗೆ ಕೂತು ತಿನ್ನೋ ಹಾಲ್ ಇಲ್ಲದೆ ಡೆಲಿವರಿ ಮಾತ್ರ ಮಾಡೋ ಕ್ಲೌಡ್ ಕಿಚನ್ ಬೇಕು, ದೊಡ್ಡಣ್ಣನಿಗೆ ಸಾಕಾಗಿದೆ, ಕಂಡಕ್ಟಿಂಗ್‌ಗೆ, ಅಂದ್ರೆ ತಿಂಗಳಿಗೆ ಇಷ್ಟು ಅಂತ ತಗೊಂಡು ಹೋಟೆಲ್ ನಡೆಸೋಕೆ ಬೇರೆಯವರಿಗೆ, ಕೊಟ್ಟು ಊರಲ್ಲಿ ತೋಟ ನೋಡ್ಕೊಂಡು ಇರೋಣ ಅಂತಾರೆ. ಕಂಡಕ್ಟಿಂಗ್‌ಗೆ ಕೇಳಿದ ಪಾರ್ಟಿ ತಿಂಗಳಿಗೆ 2 ಲಕ್ಷ ಕೊಡ್ತೀನಿ ಅಂದಿದೆ.

ಮೊದಲು ಲೆಕ್ಕ, ಯಾಕಂದ್ರೆ ಲೆಕ್ಕ ಇಲ್ದೆ ಸ್ವಾಟ್ ಬರೆದ್ರೆ ಬರೀ ಹೊಗಳಿಕೆ ಆಗುತ್ತೆ. ಜಿಎಸ್‌ಟಿ ಬಿಟ್ಟು ತಿಂಗಳ ವ್ಯಾಪಾರ ಸುಮಾರು 15 ಲಕ್ಷ: ಹಾಲ್‌ನಲ್ಲಿ ಹತ್ತೂವರೆ, ಡೆಲಿವರಿ ಆಪ್‌ಗಳಿಂದ 3, ನೇರ ಪಾರ್ಸಲ್ ಒಂದೂವರೆ. ಖರ್ಚು ನೋಡಿ, ದಿನಸಿ ತರಕಾರಿ ಹಾಲು 5.40 ಲಕ್ಷ, ಸಂಬಳ ಊಟ ರೂಮು 4.10, ಗ್ಯಾಸ್ ಕರೆಂಟು 1.50, ಆಪ್‌ನ ಕಮಿಷನ್ನು ಡಿಸ್ಕೌಂಟು ಸೇರಿ 1.15, ರಿಪೇರಿ ಲೈಸೆನ್ಸು ಪ್ಯಾಕಿಂಗು ಇತ್ಯಾದಿ 1 ಲಕ್ಷ, ಬಾಡಿಗೆ 18 ಸಾವಿರ. ಉಳಿಯೋದು 1.67 ಲಕ್ಷ. ಇದರಲ್ಲಿ ಅಣ್ಣ ತಮ್ಮ ಇಬ್ಬರೂ ಸಂಬಳ ತಗೊಂಡಿಲ್ಲ ಅನ್ನೋದು ನೆನಪಿರಲಿ.

ಬಲ

ಬಲದ ಪಟ್ಟಿ ಮಾಡಿ ಅಂದ್ರೆ ಮನೆಯವರೆಲ್ಲ ಮೊದಲು ಹೇಳೋದು ಜಾಗ. ರುಯಾ, ಪೋದಾರ್, ವಿಜೆಟಿಐ ಕಾಲೇಜುಗಳ ಹುಡುಗ್ರು, ದೇವಸ್ಥಾನಕ್ಕೆ ಬರೋರು, ಗಣೇಶ ಚತುರ್ಥಿ ಸಮಯದಲ್ಲಿ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಗಣಪತಿ ನೋಡೋಕೆ ಬರೋ ಜನಸಾಗರ, ಎಲ್ಲಾ ಈ ರಸ್ತೆ ಮೇಲೆ ಹಾದು ಹೋಗ್ತಾರೆ. ಎರಡನೇದು ರುಚಿ, ಅದರಲ್ಲೂ ಸಾಂಬಾರು. ಮೂರನೇದು ಹಳೇ ಗಿರಾಕಿ, ತಾತನ ಕಾಲದಿಂದ ಭಾನುವಾರ ಇಲ್ಲೇ ಇಡ್ಲಿ ತಿನ್ನೋ ಮನೆಗಳಿವೆ. ಸಾಲ ಇಲ್ಲ, ಅದೂ ದೊಡ್ಡ ಬಲವೇ.

ಜಾಗದ ವಿಷಯ ಮಾತ್ರ ಸ್ವಲ್ಪ ತಡೀರಿ, ಅದಕ್ಕೆ ಮುಂದೆ ಬರ್ತೀನಿ.

ದೌರ್ಬಲ್ಯ

ಸಾಂಬಾರು ಬಲ ಅಂದ್ನಲ್ಲ, ಆ ಬಲ ಇರೋದು ಹೋಟೆಲ್ ಹತ್ರ ಅಲ್ಲ, ಭಟ್ರ ಹತ್ರ. ಭಟ್ರಿಗೆ 63 ವರ್ಷ. ಬೆಳಿಗ್ಗೆ ನಾಲ್ಕೂವರೆಗೆ ದೊಡ್ಡ ಬಾಣಲೆಯಲ್ಲಿ ಕೊತ್ತಂಬರಿ ಹುರೀತಾರೆ, ಮೆಣಸು ಹಾಕೋದು ಮುಷ್ಟಿ ಲೆಕ್ಕ, ಹುರಿದದ್ದು ಸಾಕಾಯ್ತಾ ಅಂತ ನೋಡೋದು ಪರಿಮಳದಲ್ಲಿ. ಎಷ್ಟು ಗ್ರಾಂ ಭಟ್ರೇ ಅಂತ ಕೇಳಿದ್ರೆ "ಕೈಗೆ ಗೊತ್ತುಂಟು ಮಾರಾಯ್ರೆ" ಅಂತ ನಗ್ತಾರೆ. ಮೇ ತಿಂಗಳಲ್ಲಿ ಅವರು ಊರಿಗೆ ಹೋದಾಗ ಗಿರಾಕಿಗಳು ಬಟ್ಟಲು ಅರ್ಧ ಬಿಟ್ಟು ಏಳ್ತಾರೆ, ಮೋರಿಯಲ್ಲಿ ತೊಳೆಯೋ ಹುಡುಗನಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತೆ. ಭಟ್ರ ಮಗ ಐಟಿ ಕಂಪನಿಯಲ್ಲಿದ್ದಾನೆ, ಅವನು ಬಂದು ಈ ಬಾಣಲೆ ಹಿಡಿಯೋ ಮಾತೇ ಇಲ್ಲ. ಹಿಂದೆ ಉಡುಪಿ ಕುಂದಾಪುರ ಕಡೆಯಿಂದ ಹುಡುಗ್ರು ಬಂದು ಹಗಲು ಹೋಟೆಲ್ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು ಅಂತ ಇರ್ತಿದ್ರು, ಅವರಲ್ಲೇ ಮುಂದಿನ ಭಟ್ರು ತಯಾರಾಗ್ತಿದ್ರು. ಈಗ ಕಿಚನ್‌ನಲ್ಲಿರೋರು ಹೆಚ್ಚಿನವರು ಒಡಿಶಾ, ಬಿಹಾರ, ನೇಪಾಳದವರು. ಕೆಲಸ ಚೆನ್ನಾಗೇ ಮಾಡ್ತಾರೆ, ಆದ್ರೆ ಅವರಿಗೆ ಕಲಿಸೋಕೆ ಬರೆದಿಟ್ಟದ್ದು ಏನಾದ್ರೂ ಇರಬೇಕಲ್ಲ.

ಇನ್ನೊಂದು ದೌರ್ಬಲ್ಯ ದೋಸೆ ಕಾವಲಿ ಮೇಲೆ ಕಾಣುತ್ತೆ. ಕಾವಲಿಯಲ್ಲಿ ಒಂದು ಸಲಕ್ಕೆ 8 ದೋಸೆ. ಭಾನುವಾರ ಒಂಬತ್ತರಿಂದ ಹತ್ತೂವರೆ ತನಕ ಹೊರಗೆ ಜನ ಹೆಸರು ಬರೆಸಿ ನಿಂತಿರ್ತಾರೆ, ಅದೇ ಹೊತ್ತಲ್ಲಿ ಗಲ್ಲಾ ಪಕ್ಕದ ಟ್ಯಾಬ್ಲೆಟ್ ಟಿಂಗ್ ಟಿಂಗ್ ಅಂತಿರುತ್ತೆ, ಟೈಮ್ ಮೀರಿದ್ರೆ ರೇಟಿಂಗ್ ಬೀಳುತ್ತೆ ಅನ್ನೋ ಹೆದರಿಕೆಗೆ ಆಪ್ ದೋಸೆ ಮೊದಲು ಹೋಗುತ್ತೆ. ಹಾಲ್‌ನಲ್ಲಿ ಮಸಾಲೆ ದೋಸೆ 90 ರೂಪಾಯಿ, ಸಾಮಾನಿನ ಖರ್ಚು 32, ಉಳಿಯೋದು 58, ಜೊತೆಗೆ ಕಾಫಿ ಕುಡಿದ್ರೆ ಇನ್ನೊಂದು 23, ಒಟ್ಟು 81. ಆಪ್‌ನಲ್ಲಿ ಬೆಲೆ 100 ಇಟ್ಟಿದ್ದಾರೆ, ಕಮಿಷನ್ 24, ಅದರ ಮೇಲೆ ಜಿಎಸ್‌ಟಿ 4, ಡಬ್ಬಿ ಚೀಲ 8, ಸಾಮಾನು 32, ಉಳಿಯೋದು 32. ಕಾವಲಿಯ ಅದೇ ಜಾಗಕ್ಕೆ 81 ಕೊಡೋ ಗಿರಾಕಿನ ಬಿಸಿಲಲ್ಲಿ ನಿಲ್ಲಿಸಿ 32 ಕೊಡೋ ಆರ್ಡರ್‌ನ ಮೊದಲು ಕಳಿಸ್ತಿದ್ದಾರೆ. ಮೂರು ಲಕ್ಷ ಆನ್‌ಲೈನ್ ವ್ಯಾಪಾರ ಅಂತ ಮಗ ಹೆಮ್ಮೆಯಿಂದ ಹೇಳೋದರ ಒಳಗೆ ಇದು ಅಡಗಿದೆ.

ಅವಕಾಶ

ಸುತ್ತಲಿನ ಹಳೇ ಬಿಲ್ಡಿಂಗ್ ಒಂದೊಂದೇ ಟವರ್ ಆಗ್ತಿವೆ, ಗುಜರಾತಿ ಕಚ್ಛಿ ಜೈನ ಮನೆಗಳು ಜಾಸ್ತಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾಂಬಾರಿಗೆ ದಿನಾ ಯಾರಾದ್ರೂ ಕೇಳ್ತಾರೆ. ಮಧ್ಯಾಹ್ನ ಮೂರರಿಂದ ಆರು ಕಾವಲಿ ಖಾಲಿ, ಆ ಹೊತ್ತಿಗೆ ಕಾಲೇಜು ಬಿಡುತ್ತೆ. ಸಾಂಬಾರು ಪುಡಿ ಪ್ಯಾಕೆಟ್ ಮಾಡಿ ಗಲ್ಲಾ ಹತ್ರ ಇಟ್ರೆ ತಗೊಳ್ಳೋ ಗಿರಾಕಿ ಇದ್ದಾರೆ, ಆದ್ರೆ ಅದಕ್ಕೆ ಭಟ್ರ ಮುಷ್ಟಿ ಗ್ರಾಂ ಆಗ್ಬೇಕು.

ಅಪಾಯ

ಕಮರ್ಷಿಯಲ್ ಸಿಲಿಂಡರ್ ರೇಟು ತಿಂಗಳ ಒಂದನೇ ತಾರೀಕು ಏರಿಳಿಯುತ್ತೆ, ಅದಕ್ಕೆ ತಕ್ಕಂತೆ ಮೆನು ಬದಲಾಯಿಸೋಕಾಗಲ್ಲ, ಸರಿ. ಆದ್ರೆ ನಿಜವಾದ ಅಪಾಯ ತಲೆ ಮೇಲೇ ಇದೆ: ಬಿಲ್ಡಿಂಗು. ಇದು ಸೆಸ್ ಬಿಲ್ಡಿಂಗ್, ಅಂದ್ರೆ ರಿಪೇರಿಗೆ ಅಂತ ಸೆಸ್ ಕಟ್ಟೋ ಹಳೇ ಕಟ್ಟಡ; ಮುಂಬೈನ ಕಟ್ಟಡ ನಿಯಮ ಡಿಸಿಪಿಆರ್ 2034ರ 33(7) ಅಡಿಯಲ್ಲಿ ರಿಡೆವಲಪ್‌ಮೆಂಟ್‌ಗೆ ಹೋಗಬಹುದಾದದ್ದು, ಬಿಲ್ಡರ್ ಎರಡು ಮೀಟಿಂಗ್ ಕರೆದಾಗಿದೆ. ಒಡೆದ್ರೆ ಮೂರೋ ನಾಲ್ಕೋ ವರ್ಷ ಹೋಟೆಲ್ ಎಲ್ಲಿ? ಇನ್ನೂ ಮಜಾ ಅಂದ್ರೆ ಬಾಡಿಗೆ ರಸೀದಿ ಇವತ್ತಿಗೂ ಅಜ್ಜನ ಹೆಸರಲ್ಲೇ ಬರ್ತಿದೆ, ಅಜ್ಜ ತೀರಿಕೊಂಡು ಎಷ್ಟೋ ಕಾಲ ಆಯ್ತು.

ಈಗ ಜಾಗದ ಮಾತು. ಅದೇ ರಸ್ತೆಯಲ್ಲಿ ಹೊಸ ಅಂಗಡಿಯವರು ಕೊಡೋ ರೇಟು ಹಿಡಿದ್ರೆ ಈ ಜಾಗಕ್ಕೆ ಕಡಿಮೆ ಅಂದ್ರೂ 2.5 ಲಕ್ಷ ಬಾಡಿಗೆ. ಅದರ ಮೇಲೆ 18% ಜಿಎಸ್‌ಟಿ 45 ಸಾವಿರ, ನವೆಂಬರ್ 2017ರಿಂದ ಇಂಥ ಹೋಟೆಲ್‌ಗೆ 5% ಟ್ಯಾಕ್ಸು, ಆದ್ರೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದ್ರೆ ಖರ್ಚಿನ ಮೇಲೆ ಕೊಟ್ಟ ಜಿಎಸ್‌ಟಿನ ಕಟ್ಟೋ ಟ್ಯಾಕ್ಸ್‌ನಲ್ಲಿ ಕಳೆಯೋಕಾಗಲ್ಲ, ಹಾಗಾಗಿ ಆ 45 ಸಾವಿರ ಪೂರ್ತಿ ಕೈಯಿಂದಲೇ ಹೋಗುತ್ತೆ. 2.95 ಲಕ್ಷದಲ್ಲಿ ಈಗಿನ 18 ಸಾವಿರ ಕಳೆದ್ರೆ 2.77 ಲಕ್ಷ ಹೆಚ್ಚಿನ ಖರ್ಚು. ಲಾಭ 1.67 ಇದ್ದದ್ದು 1.10 ಲಕ್ಷ ನಷ್ಟ ಆಯ್ತು. ಅಂದ್ರೆ ಇಡ್ಲಿ ದೋಸೆಯಿಂದ ದುಡ್ಡು ಹುಟ್ತಿಲ್ಲ, ಅಜ್ಜ ಪಗಡಿ ಹಿಡಿದದ್ದರಿಂದ ಹುಟ್ತಿದೆ. ಕಂಡಕ್ಟಿಂಗ್ ಪಾರ್ಟಿ ಇವರು ದುಡಿಯೋದಕ್ಕಿಂತ ಜಾಸ್ತಿ, 2 ಲಕ್ಷ ಕೊಡೋಕೆ ತಯಾರಿರೋದೂ ಇದಕ್ಕೇ, ಅವನು ಕೊಳ್ತಿರೋದು ಜಾಗ. ಸ್ವಾಟ್‌ನಲ್ಲಿ ಜಾಗವನ್ನ ಬಲದ ಡಬ್ಬಿಗೆ ಹಾಕಿ ಮುಂದೆ ಹೋದ್ರೆ ಇದು ಕಾಣಲ್ಲ, ಅದೇ ಐಟಂ ಬಲವೂ ಹೌದು, ಬಿಲ್ಡಿಂಗ್ ಬಿದ್ದ ದಿನ ಅಪಾಯವೂ ಹೌದು. 1982ರಲ್ಲಿ ಹೈಂಜ್ ವೈರಿಚ್ ಟೌಸ್ ಮ್ಯಾಟ್ರಿಕ್ಸ್ ಅಂತ ಬಲಕ್ಕೆ ಅವಕಾಶ, ದೌರ್ಬಲ್ಯಕ್ಕೆ ಅಪಾಯ ಜೋಡಿಸಿ ನೋಡೋ ಪದ್ಧತಿ ಕೊಟ್ರಲ್ಲ, ಹಾಗೆ ಜೋಡಿಸಿದ್ರೆ ಈ ಕೇಸ್‌ನ ಗಂಟು ಇರೋದು ದೌರ್ಬಲ್ಯ ಮತ್ತು ಅಪಾಯ ಸೇರೋ ಮನೆಯಲ್ಲಿ: ಜಾಗ ಹೋಗಬಹುದು, ಅದನ್ನ ಬಿಟ್ರೆ ಕೈಲಿರೋ ಇನ್ನೊಂದೇ ಆಸ್ತಿ ರುಚಿ, ಅದೂ ಒಬ್ಬರ ಕೈಯಲ್ಲಿ.

ಶಿಫಾರಸು

ಥಾಣೆ ಬ್ರಾಂಚ್ ಈಗ ಬೇಡ. ಫರ್ನಿಚರ್ ಡಿಪಾಸಿಟ್ ಎಲ್ಲಾ ಸೇರಿ 60 ಲಕ್ಷ ಅಂತ ತಮ್ಮನೇ ಅಂದಾಜು ಕೊಟ್ಟಿದ್ದಾನೆ, 11% ಬಡ್ಡಿಗೆ ಐದು ವರ್ಷಕ್ಕೆ ಇಎಂಐ ತಿಂಗಳಿಗೆ 1.30 ಲಕ್ಷ ಆಗುತ್ತೆ, ಮಾಟುಂಗಾದ ಲಾಭದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ. ಮಾರ್ಕೆಟ್ ಬಾಡಿಗೆ ಕೊಟ್ಟು ನಡೆಸೋಕೆ ಬರೋದೇ ಇಲ್ಲ ಅಂತ ಲೆಕ್ಕ ತೋರಿಸ್ತಿರೋವಾಗ ಮಾರ್ಕೆಟ್ ಬಾಡಿಗೆಯ ಜಾಗಕ್ಕೇ ಹೋಗೋದು ಯಾವ ಧೈರ್ಯದ ಮೇಲೆ? ಕ್ಲೌಡ್ ಕಿಚನ್‌ಗೂ ಇದೇ ಉತ್ತರ, ದೋಸೆಗೆ 32 ಉಳಿಯೋ ದಾರಿಯನ್ನೇ ಪೂರ್ತಿ ಬಿಸ್ನೆಸ್ ಮಾಡ್ಕೊಂಡ ಹಾಗೆ.

ಕಂಡಕ್ಟಿಂಗ್ ಆಸೆ ಅರ್ಥ ಆಗುತ್ತೆ, ದೊಡ್ಡಣ್ಣ ಎಷ್ಟು ವರ್ಷ ಅಂತ ಗಲ್ಲಾದಲ್ಲಿ ಕೂರ್ಬೇಕು. ಆದ್ರೆ ಮಾಲೀಕನ ಒಪ್ಪಿಗೆ ಇಲ್ದೆ ಪಗಡಿ ಜಾಗ ಬೇರೆಯವರ ಕೈಗೆ ಕೊಟ್ರೆ, ಮಹಾರಾಷ್ಟ್ರ ರೆಂಟ್ ಕಂಟ್ರೋಲ್ ಕಾಯ್ದೆ 1999ರಲ್ಲಿ ಬಾಡಿಗೆದಾರನನ್ನ ಬಿಡಿಸೋಕೆ ಅದೇ ಒಂದು ಕಾರಣ ಆಗಬಹುದು. ರಿಡೆವಲಪ್‌ಮೆಂಟ್ ಮಾತು ನಡೀತಿರೋವಾಗ ಈ ರಿಸ್ಕ್ ತಗೊಳ್ಳೋದು ಹುಚ್ಚುತನ.

ಹಾಗಾದ್ರೆ ಮಾಡ್ಬೇಕಾದದ್ದು? ಮೊಟ್ಟಮೊದಲು ಕಾಗದ. ಅಣ್ಣ ತಮ್ಮ ಒಟ್ಟಿಗೆ ವಕೀಲರ ಹತ್ರ ಕೂತು, ಅಜ್ಜನ ನಂತರ ವ್ಯಾಪಾರ ನಡೆಸಿದವರು ಯಾರು ಅನ್ನೋದಕ್ಕೆ ಲೈಸೆನ್ಸು, ಟ್ಯಾಕ್ಸ್ ದಾಖಲೆ, ಕರೆಂಟ್ ಬಿಲ್ ಎಲ್ಲಾ ಸೇರಿಸಿ ಬಾಡಿಗೆ ಹಕ್ಕನ್ನ ಹೆಸರಿಗೆ ಮಾಡಿಸ್ಕೊಳ್ಳೋದು, ಇಬ್ಬರ ಪಾಲಿನ ಬಗ್ಗೆ ಬರವಣಿಗೆಯಲ್ಲಿ ಒಪ್ಪಂದ ಮಾಡ್ಕೊಳ್ಳೋದು. ಬಿಲ್ಡರ್ ಜೊತೆ ಮಾತಾಡೋವಾಗ ಬರೀ ಚದರಡಿ ಕೇಳಿದ್ರೆ ಮೋಸ ಹೋಗ್ತಾರೆ. ಪ್ಲಾನ್‌ನಲ್ಲಿ ರಸ್ತೆಗೆ ಮುಖ ಇರೋ ಕೆಳಮಹಡಿ, ಕಿಚನ್ ಹೊಗೆ ಟೆರೇಸ್ ತನಕ ಹೋಗೋಕೆ ಡಕ್ಟ್, ನೀರು, ಗ್ಯಾಸ್ ಲೈನ್, ಫೈರ್ ಎನ್‌ಒಸಿಗೆ ಬೇಕಾದ ದಾರಿ, ಇವೆಲ್ಲ ರಿಜಿಸ್ಟರ್ಡ್ ಅಗ್ರಿಮೆಂಟ್‌ನಲ್ಲಿ ಬರಬೇಕು. ಡಕ್ಟ್ ಇಲ್ಲದ 1100 ಚದರಡಿಯಲ್ಲಿ ಮೊಬೈಲ್ ಅಂಗಡಿ ಇಡಬಹುದು, ಹೋಟೆಲ್ ಇಡೋಕಾಗಲ್ಲ. ಮಧ್ಯದ ವರ್ಷಗಳಿಗೆ ಬದಲಿ ಜಾಗದ ಬಾಡಿಗೆ, ಅದರ ಮೇಲಿನ ಜಿಎಸ್‌ಟಿ ಸಮೇತ, ಬಿಲ್ಡರ್ ಕೊಡ್ಬೇಕು ಅಂತ ಪಟ್ಟು ಹಿಡೀಬೇಕು.

ಎರಡನೇದು ಭಟ್ರು. ತಕ್ಕಡಿ ತಂದು ಅವರ ಕೈ ಪಕ್ಕ ಇಡ್ಬೇಕು, ಅವರು ಮುಷ್ಟಿಯಲ್ಲೇ ತೆಗೀಲಿ, ಬಾಣಲೆಗೆ ಬೀಳೋ ಮೊದಲು ಮಗ ತೂಕ ಬರ್ಕೊಳ್ಳಲಿ, ಮಳೆಗಾಲ ಬೇಸಿಗೆ ಎರಡೂ ಸೇರಿಸಿ. ಆಮೇಲೆ ಪುಡಿಯನ್ನ ವಾರಕ್ಕೆ ಒಂದೇ ಬ್ಯಾಚ್‌ನಲ್ಲಿ ಮಾಡೋದು, ಇಬ್ಬರು ಹುಡುಗ್ರನ್ನ ಜೊತೆಗೆ ಹಾಕೋದು. ಭಟ್ರಿಗೆ ಇದು ತನ್ನನ್ನ ಕಳಿಸೋ ತಯಾರಿ ಅಂತ ಅನಿಸಬಾರದು, ಪುಡಿ ಪ್ಯಾಕೆಟ್ ಮಾರಿದ್ರಲ್ಲಿ ಅವರಿಗೂ ಒಂದು ಪಾಲು ಅಂತ ಮೊದಲೇ ಹೇಳ್ಬಿಡೋದು ಒಳ್ಳೇದು.

ಮೂರನೇದು ಆ 1.10 ಲಕ್ಷದ ಹಳ್ಳ ತುಂಬೋದು. ಬೆಳಿಗ್ಗೆ ಎಂಟರಿಂದ ಹನ್ನೊಂದು ಆಪ್‌ನಲ್ಲಿ ದೋಸೆ ಐಟಂಗಳನ್ನ ಆಫ್ ಮಾಡಿ ಇಡ್ಲಿ ವಡೆ ಉಪ್ಪಿಟ್ಟು ಮಾತ್ರ ಇಡ್ಬೇಕು, ಮೂರರ ನಂತರ ದೋಸೆ ಆನ್. ದಿನಕ್ಕೆ 15 ಆಪ್ ದೋಸೆ ಜಾಗಕ್ಕೆ ಹಾಲ್ ಗಿರಾಕಿ ಕೂತ್ರೆ ತಿಂಗಳಿಗೆ 22 ಸಾವಿರ ಬರಬಹುದು, ನಾನು ಅರ್ಧ ಮಾತ್ರ ಹಿಡೀತೀನಿ, 11. ಆಪ್ ಡಿಸ್ಕೌಂಟ್‌ನಲ್ಲಿ ಹೋಟೆಲ್‌ನ ಪಾಲು ನಿಲ್ಲಿಸಿದ್ರೆ 30 ಸಾವಿರ. ದಿನಕ್ಕೆ 200 ಕಾಫಿ ಹೋಗುತ್ತೆ, 35 ಇದ್ದದ್ದನ್ನ 40 ಮಾಡಿದ್ರೆ ಇನ್ನೊಂದು 30, ಇದಕ್ಕೆ ದೊಡ್ಡಣ್ಣ ಒಪ್ಪೋದು ಕಷ್ಟ, ಆದ್ರೆ ಒಪ್ಪಿಸ್ಲೇಬೇಕು. ದಿನಸಿ ಖರ್ಚು ವ್ಯಾಪಾರದ 36% ಇದೆ, ರಾತ್ರಿ ಉಳಿದ ಸಾಂಬಾರು ಚಟ್ನಿ ಅಳೆದು ಬರೆದಿಟ್ಟು ಅದನ್ನ 34ಕ್ಕೆ ತಂದ್ರೆ ಮತ್ತೆ 30. ಒಟ್ಟು 1.01 ಲಕ್ಷ, ಇನ್ನೂ 9 ಸಾವಿರ ಕಮ್ಮಿ, ಅದನ್ನ ಜೈನ್ ಸಾಂಬಾರು ಮತ್ತೆ ಪುಡಿ ಪ್ಯಾಕೆಟ್‌ನಿಂದ ತರಬೇಕು.

ಹನ್ನೆರಡು ತಿಂಗಳು ಪ್ರತಿ ತಿಂಗಳೂ ಎರಡು ಲಾಭದ ಲೆಕ್ಕ ಬರೀಲಿ, ಒಂದು 18 ಸಾವಿರ ಬಾಡಿಗೆ ಹಿಡಿದು, ಇನ್ನೊಂದು 2.95 ಲಕ್ಷ ಹಿಡಿದು. ಎರಡನೇ ಲೆಕ್ಕ ಸತತ ಮೂರು ತಿಂಗಳು ಸೊನ್ನೆ ದಾಟಿದ್ರೆ, ಭಟ್ರಿಲ್ಲದ ಮೇ ತಿಂಗಳಲ್ಲೂ ಬಟ್ಟಲು ಖಾಲಿ ವಾಪಸ್ ಬಂದ್ರೆ, ಆಗ ತಮ್ಮನ ಥಾಣೆ ಫೈಲ್ ತೆಗೆದು ನೋಡೋಣ. ದಾಟದಿದ್ರೆ ಬಿಲ್ಡರ್ ಕೊಡೋ ಹೊಸ ಜಾಗವನ್ನ ಮಾಲೀಕತ್ವಕ್ಕೆ ತಗೊಂಡು, ಆಗ ಸ್ವಂತ ಹಕ್ಕಿನಿಂದ ಬಾಡಿಗೆಗೆ ಕೊಟ್ಟು, ಅಣ್ಣ ತಮ್ಮ ಬಾಡಿಗೆ ಹಂಚಿಕೊಳ್ಳೋದೇ ಸರಿ.