14 ವರ್ಷದ ಹಿಂದೆ, ಇದೇ ದಿನ: ಅಪ್ಪ, ಅಮ್ಮ ಮತ್ತು ನಮ್ಮ ಮೊದಲ ಮೆಟ್ರೋ

ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಫೋನ್ ತೆಗೆದರೆ ಈ ಫೋಟೋ ಎದುರಿಗೆ ಬಂತು. 20 ಅಕ್ಟೋಬರ್ 2011. ಆಗ ನಾನು ಇದರ ಕೆಳಗೆ ಬರೆದಿದ್ದು ಒಂದೇ ಸಾಲು: "ಅಪ್ಪ ಅಮ್ಮನ ಜೊತೆ ಮೆಟ್ರೋ ಹತ್ತಿದೆ, ಸೂಪರ್!" ಇವತ್ತು ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಫೋಟೋ ಮಸುಕಾಗಿದೆ. ರೈಲು ಓಡುತ್ತಿತ್ತು, ನನ್ನ ಹಳೇ ಫೋನಿನ ಕ್ಯಾಮೆರಾನೂ ಅಷ್ಟಕ್ಕಷ್ಟೇ. ಕಿಟಕಿಗೆ ಹಣೆ ತಾಗಿಸಿ ಹೊರಗೆ ನೋಡುತ್ತಿರುವವರು ಅಪ್ಪ. ಪಕ್ಕದಲ್ಲಿ ಕಂಬ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿರುವವಳು ಅಮ್ಮ.

ಬೆಂಗಳೂರಿನಲ್ಲಿ ಮೆಟ್ರೋ ಶುರುವಾದ ದಿನ ಅದು. ಮಧ್ಯಾಹ್ನದ ಮೇಲೆ ಜನರಿಗೆ ಬಿಟ್ಟರು. ಇದ್ದಿದ್ದು ಆರೇ ನಿಲ್ದಾಣ. ಎಂ.ಜಿ. ರಸ್ತೆ, ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ. ಏಳು ಕಿಲೋಮೀಟರ್ ಕೂಡ ಇರಲಿಲ್ಲ, ಮೂರು ಬೋಗಿಯ ರೈಲು. ನಮಗೆ ಆ ಕಡೆ ಯಾವ ಕೆಲಸವೂ ಇರಲಿಲ್ಲ, ಪರಿಚಯದವರೂ ಇರಲಿಲ್ಲ. ಸುಮ್ನೆ ಹತ್ತಿ ಇಳಿಯೋದಕ್ಕೆ ಅಂತ ಕೆಂಗೇರಿಯಿಂದ ಎರಡು ಬಸ್ಸು ಬದಲಾಯಿಸಿ, ಹತ್ತಿರ ಹತ್ತಿರ ಎರಡು ಗಂಟೆ ಕೂತು ಎಂ.ಜಿ. ರಸ್ತೆಗೆ ಹೋಗಿದ್ದೆವು.

ಹೋಗಲೇಬೇಕು ಅಂತ ಹಟ ಹಿಡಿದವರು ಅಪ್ಪನೇ. ಅವರು ಸಿಟಿ ಬಸ್ಸಿನ ಕಂಡಕ್ಟರ್. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಈ ಊರಿನ ರಸ್ತೆಗಳಲ್ಲಿ ಟಿಕೆಟ್ ಹರಿದುಕೊಟ್ಟವರು. ಅವತ್ತು ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟರು. ಕೌಂಟರಿನಲ್ಲಿ ನಾಣ್ಯದ ಥರದ ಟೋಕನ್ ಕೊಟ್ಟಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರ ಮೇಲೆ ಹತ್ತಿದ್ದು ಎಲ್ಲಿ, ಇಳಿಯೋದು ಎಲ್ಲಿ ಅಂತ ಏನೂ ಬರೆದಿಲ್ವಲ್ಲಮ್ಮ, ಚೆಕಿಂಗ್ ಹೆಂಗೆ ಮಾಡ್ತಾರೆ?" ಅಂತ ಕೇಳಿದರು. ಒಳಗೆ ಚಿಪ್ ಇರುತ್ತೆ ಅಂದೆ. ಬಹಳ ಹೊತ್ತು ಅದನ್ನೇ ಯೋಚನೆ ಮಾಡಿದರು.

ಅಮ್ಮನಿಗೆ ಎಸ್ಕಲೇಟರ್ ನೋಡಿಯೇ ಕೈಕಾಲು ಆಡಲಿಲ್ಲ. "ಸೀರೆ ಸಿಕ್ಕಿಕೊಂಡರೆ ಏನ್ರೀ ಗತಿ" ಅಂತ ಮೆಟ್ಟಿಲು ಹತ್ತಿಕೊಂಡೇ ಬಂದಳು. ಪ್ಲಾಟ್‌ಫಾರ್ಮಿನಲ್ಲಿ ಗೋಡೆಗೆ ಒತ್ತಿಕೊಂಡು ನಿಂತಳು. ರೈಲು ಬಂತು, ಜನ ನುಗ್ಗಿದರು, ಅಪ್ಪ ಅವಳ ಕೈ ಹಿಡಿದು ಎಳೆದುಕೊಂಡೇ ಹತ್ತಿಸಿದರು. ಬಾಗಿಲು ಮುಚ್ಚಿತು. ಆ ಕ್ಷಣ ಅಪ್ಪನ ಬಾಯಿಂದ ತಾನಾಗೇ "ರೈಟ್" ಅಂತ ಬಂತು. ಸುತ್ತ ನಿಂತಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕರು. ಆ ನಗು ಫೋಟೋದಲ್ಲಿ ಸಿಕ್ಕಿಲ್ಲ, ನನ್ನ ನೆನಪಲ್ಲಿ ಇದೆ.

ದಾರಿಯುದ್ದಕ್ಕೂ ಅಪ್ಪ ಒಬ್ಬರೇ ಮಾತಾಡಿದರು. ಟ್ರಿನಿಟಿ ಸರ್ಕಲ್ ಮೇಲಿಂದ ನೋಡಿದರೆ ಇಷ್ಟು ಚಿಕ್ಕದಾ. ಹಲಸೂರಿನ ತಾರಸಿಗಳ ಮೇಲೆ ಒಣಗಿದ ಬಟ್ಟೆ. ಸಿ.ಎಂ.ಎಚ್. ರಸ್ತೆ ಬಂದಾಗ ಮಾತ್ರ ಸ್ವಲ್ಪ ಸುಮ್ಮನಾದರು. ಮೆಟ್ರೋ ಕೆಲಸ ನಡೆದಷ್ಟು ವರ್ಷ ಅಲ್ಲಿಯ ಅಂಗಡಿಯವರು ಪಟ್ಟ ಕಷ್ಟ ಅವರಿಗೆ ಗೊತ್ತಿತ್ತು. ಎಂ.ಜಿ. ರಸ್ತೆಯ ಬುಲೆವಾರ್ಡ್‌ನ ಮರಗಳು ಹೋಗಿದ್ದಕ್ಕೂ ಅವರಿಗೆ ಬೇಜಾರಿತ್ತು. ನನಗೂ ಇದೆ, ಈಗಲೂ. ಆದರೂ ಸಿಗ್ನಲ್ಲಿಗೆ ನಿಲ್ಲದೆ ಈ ಊರಿನಲ್ಲಿ ಒಂದು ಗಾಡಿ ಓಡುತ್ತೆ ಅನ್ನೋದು ಅಪ್ಪನಿಗೆ ದೊಡ್ಡ ವಿಷಯ. ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ನಿಂತ ಕಾಲು ಅಲ್ವಾ ಅದು.

ಬೈಯಪ್ಪನಹಳ್ಳಿಯಲ್ಲಿ ಹೊರಗೆ ಬರುವಾಗ ಟೋಕನ್ ಗೇಟಿನೊಳಗೆ ಹಾಕಬೇಕು ಅಂದಾಗ ಅವರ ಮುಖ ಸಣ್ಣದಾಯಿತು. ನೆನಪಿಗೆ ಇಟ್ಟುಕೊಳ್ಳಬೇಕು ಅಂತ ಜೇಬಿಗೆ ಹಾಕಿಕೊಂಡಿದ್ದರು. ತಿರುಗಿ ಬರುವಾಗ ಕೇಳಿದರು, "ನಮ್ಮ ಕೆಂಗೇರಿಗೆ ಯಾವಾಗ ಬರುತ್ತೆ?" ನಾನು, "ಬರುತ್ತೆ ಬಿಡಪ್ಪ, ಒಂದೈದು ವರ್ಷ" ಅಂದೆ.

ಹತ್ತು ವರ್ಷ ಹಿಡಿಯಿತು. 2016ರಲ್ಲಿ ಸುರಂಗದ ಭಾಗ ತೆರೆದು ಮೈಸೂರು ರಸ್ತೆಯಿಂದ ಬೈಯಪ್ಪನಹಳ್ಳಿವರೆಗೆ ನೇರ ರೈಲು ಬಂತು. ಆಮೇಲೆ ನಮ್ಮ ಕಡೆ ಕಂಬಗಳು ಏಳತೊಡಗಿದವು. ರಿಟೈರ್ ಆದ ಅಪ್ಪನಿಗೆ ಬೆಳಗಿನ ವಾಕಿಂಗ್ ಅಂದರೆ ಅದನ್ನು ನೋಡಿ ಬರೋದೇ. ಮನೆಗೆ ಬಂದು ಕಾಫಿ ಕುಡಿಯುತ್ತಾ ವರದಿ ಕೊಡುತ್ತಿದ್ದರು. ಇವತ್ತು ಇಲ್ಲಿಗೆ ಬಂತು, ಇವತ್ತು ಮೇಲೆ ಗರ್ಡರ್ ಕೂರಿಸಿದರು ಅಂತ. 2020ರ ಫೆಬ್ರವರಿಯಲ್ಲಿ ಅಪ್ಪ ಹೋದರು. ಕೆಂಗೇರಿಗೆ ರೈಲು ಬಂದಿದ್ದು 2021ರ ಆಗಸ್ಟ್ ಕೊನೆಗೆ. ಒಂದೂವರೆ ವರ್ಷ ತಡವಾಯಿತು ನಮಗೆ.

ಆಗ ಅಮ್ಮ ಹತ್ತಲಿಲ್ಲ. "ಅವರಿಲ್ಲದೆ ನಾನ್ಯಾಕೆ ಹತ್ತಲಿ" ಅಂದಳು. ನಾನೂ ಬಲವಂತ ಮಾಡಲಿಲ್ಲ.

ಅವಳು ಮನಸ್ಸು ಬದಲಾಯಿಸಿದ್ದು ಅಕ್ಕನ ಮಗುವಿಗಾಗಿ. ಅಕ್ಕನ ಮನೆ ಇರೋದು ಕಾಡುಗೋಡಿಯಲ್ಲಿ, ಊರಿನ ಆ ತುದಿ. 2023ರ ಅಕ್ಟೋಬರ್ 9ಕ್ಕೆ ನೇರಳೆ ಮಾರ್ಗ ಪೂರ್ತಿಯಾಯಿತು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರ್ ದಾಟುತ್ತೆ, 37 ನಿಲ್ದಾಣ. ನಮ್ಮ ಕೆಂಗೇರಿಯಲ್ಲಿ ಹತ್ತಿದರೆ ಇಳಿಯೋದು ಅಕ್ಕನ ಮನೆ ಹತ್ತಿರವೇ, ಎಲ್ಲೂ ಬದಲಾಯಿಸಬೇಕಿಲ್ಲ. ಮೊದಲ ಎರಡು ಸಲ ನಾನು ಜೊತೆಗೆ ಹೋದೆ. ಮೂರನೇ ಸಲ, "ನೀನು ಆಫೀಸಿಗೆ ಹೋಗು, ನನಗೆ ದಾರಿ ಗೊತ್ತು" ಅಂದಳು.

ಈಗ ತಿಂಗಳಿಗೆ ಎರಡು ಸಲವಾದರೂ ಒಬ್ಬಳೇ ಹೋಗಿ ಬರುತ್ತಾಳೆ. ಸ್ಮಾರ್ಟ್ ಕಾರ್ಡ್ ಪರ್ಸಿನಲ್ಲಿ ದೇವರ ಫೋಟೋ ಪಕ್ಕ ಇರುತ್ತೆ. 2025ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆದಾಗ ಅವಳು ಮಾಡಿದ ಗಲಾಟೆ ನೋಡಬೇಕಿತ್ತು. ನಮ್ಮಂಥವರಿಗೆ ಅದು ಭಾರವೇ. ಆಮೇಲೆ ಬೆಳಿಗ್ಗೆಯ ಜನಸಂದಣಿ ಕಳೆದ ಮೇಲೆ ಕಾರ್ಡಿನಲ್ಲಿ ಹೋದರೆ ಸ್ವಲ್ಪ ಕಡಿಮೆ ಅಂತ ತಾನೇ ಕಂಡುಹಿಡಿದು ಹೊರಡುವ ಹೊತ್ತನ್ನೇ ಬದಲಾಯಿಸಿದಳು. ಎಸ್ಕಲೇಟರಿಗೆ ಹೆದರಿ ನಿಂತ ಹೆಂಗಸರು ಕಂಡರೆ ಹೋಗಿ ಕೈ ಹಿಡಿಯುತ್ತಾಳೆ. "ಹಳದಿ ಗೆರೆ ನೋಡಿಕೊಂಡು ಕಾಲಿಡಮ್ಮ, ನೆರಿಗೆ ಸ್ವಲ್ಪ ಎತ್ತಿಕೋ." ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಾಡಪ್ರಭು ಕೆಂಪೇಗೌಡ ನಿಲ್ದಾಣದಲ್ಲಿ. (ನಮ್ಮ ಮನೆಯಲ್ಲಿ ಅದು ಇನ್ನೂ ಮೆಜೆಸ್ಟಿಕ್ಕೇ.)

ಒಂದು ದಿನ ಕೇಳಿದೆ, ಒಂದೂಕಾಲು ಗಂಟೆಗೂ ಜಾಸ್ತಿ ಒಬ್ಬಳೇ ಕೂತು ಏನು ಮಾಡ್ತೀಯಮ್ಮ ಅಂತ. "ಕಬ್ಬನ್ ಪಾರ್ಕ್‌ವರೆಗೆ ಏನೂ ಇಲ್ಲ, ಕಣ್ಣು ಮುಚ್ಚಿಕೊಂಡಿರ್ತೀನಿ. ಅಲ್ಲಿ ಸುರಂಗ ಮುಗಿದು ರೈಲು ಮೇಲೆ ಬರುತ್ತಲ್ಲ, ಆಗ ಬಿಡ್ತೀನಿ. ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿವರೆಗೆ ಪೂರ್ತಿ ನೋಡ್ತೀನಿ. ಅವತ್ತು ಅವರು ನೋಡು ನೋಡು ಅಂತ ತೋರಿಸಿದ್ರು, ನಾನು ಏನೂ ನೋಡಿರಲಿಲ್ಲ" ಅಂದಳು.

ಇವತ್ತು ನರಕ ಚತುರ್ದಶಿ. ಬೆಳಿಗ್ಗೆ ಈ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ, ಅಪ್ಪನ ಅಂಗಿಯ ಕಾಲರ್ ನೋಡಿದಳು. "ಇಸ್ತ್ರಿ ನಾನೇ ಮಾಡಿದ್ದು" ಅಂದಳು. ಆಮೇಲೆ ಸ್ಟೀಲ್ ಡಬ್ಬಿಯಲ್ಲಿ ಕಜ್ಜಾಯ ತುಂಬಿಕೊಂಡು, ಮೊಮ್ಮಗಳಿಗೆ ಹೊಸ ಲಂಗ ಇಟ್ಟುಕೊಂಡು ಕಾಡುಗೋಡಿಗೆ ಹೊರಟಳು. ನಾನು ಸಂಜೆ ಹೋಗುತ್ತೇನೆ.

ಇದನ್ನು ಬರೆಯುತ್ತಿರುವಾಗಲೇ ಅವಳ ವಾಯ್ಸ್ ಮೆಸೇಜ್ ಬಂತು. ಹಿಂದೆ ನಿಲ್ದಾಣದ ಹೆಸರು ಹೇಳುವ ದನಿ ಕೇಳಿಸುತ್ತಿದೆ. "ಟ್ರಿನಿಟಿ ದಾಟಿದೆ ಕಣೇ. ಕಿಟಕಿ ಪಕ್ಕ ನಿಂತಿದ್ದೀನಿ. ಸಂಜೆ ಬರುವಾಗ ಬಾಗಿಲು ಹಾಕಿದ್ದೀಯಾ ಅಂತ ಎರಡು ಸಲ ನೋಡು."