ಸಕ್ಕರೆ ಕಾಯಿಲೆ ಇರುವವರಿಗೆ: ಊಟ, ಇನ್ಸುಲಿನ್ ಮತ್ತು ಪಾದಗಳ ಆರೈಕೆ

ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರಿಗಾಗಿ ಮತ್ತು ಅವರ ಮನೆಯವರಿಗಾಗಿ ಈ ಕೈಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲಾಗಿದೆ. ಮೂಲದಲ್ಲಿದ್ದ ಊಟದ ಉದಾಹರಣೆಗಳ ಬದಲು ಕೊಡಗಿನ ಮನೆಗಳಲ್ಲಿ ಮಾಡುವ ಅಡುಗೆಯನ್ನು ಹಾಕಿದ್ದೇವೆ. ಇಲ್ಲಿನ ಮಳೆಗೂ ತೋಟದ ಕೆಲಸಕ್ಕೂ ಬೇಕಾದ ಮಾತುಗಳನ್ನು ಸೇರಿಸಿದ್ದೇವೆ. ಓದಲು ಬಾರದ ಹಿರಿಯರಿಗೆ ಮನೆಯಲ್ಲಿ ಯಾರಾದರೂ ಇದನ್ನು ನಿಧಾನವಾಗಿ ಓದಿ ಹೇಳಬೇಕೆಂದು ಕೋರುತ್ತೇವೆ.

ಊಟ

ನಾವು ತಿಂದ ಅನ್ನ, ರೊಟ್ಟಿ, ಹಣ್ಣು ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಆ ಸಕ್ಕರೆ ರಕ್ತದಿಂದ ಮೈಯ ಇತರ ಭಾಗಗಳಿಗೆ ಹೋಗಿ ಶಕ್ತಿಯಾಗಲು ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ ಅಥವಾ ಅದು ಸರಿಯಾಗಿ ಕೆಲಸ ಮಾಡದಿದ್ದರೆ ಸಕ್ಕರೆ ರಕ್ತದಲ್ಲಿಯೇ ಉಳಿದು, ವರ್ಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ, ಹೃದಯ ಮತ್ತು ಕಾಲಿನ ನರಗಳನ್ನು ಕೆಡಿಸುತ್ತದೆ.

ಅಕ್ಕಿಯನ್ನು ಪೂರ್ತಿಯಾಗಿ ಬಿಡಬೇಕೆಂದು ನಾವು ಹೇಳುವುದಿಲ್ಲ, ಏಕೆಂದರೆ ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ರೊಟ್ಟಿ ಇಲ್ಲದ ಊಟ ಇಲ್ಲಿ ಹೆಚ್ಚು ದಿನ ನಡೆಯುವುದಿಲ್ಲ. ಆದರೆ ಇವೆಲ್ಲವೂ ಅಕ್ಕಿಯೇ ಆಗಿರುವುದರಿಂದ, ಬೆಳಿಗ್ಗೆ ಕಡಂಬುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ರೊಟ್ಟಿ ಎಂದು ಮೂರು ಹೊತ್ತೂ ಹೊಟ್ಟೆ ತುಂಬ ತಿಂದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ತಟ್ಟೆಯ ಅರ್ಧ ಭಾಗಕ್ಕೆ ಸೊಪ್ಪು, ಬೀನ್ಸ್, ಕಣಿಲೆ, ಅಣಬೆಯಂತಹ ಪಲ್ಯವನ್ನು ಮೊದಲು ಬಡಿಸಿಕೊಳ್ಳಿ. ಉಳಿದ ಅರ್ಧವನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಅನ್ನ ಅಥವಾ ರೊಟ್ಟಿ, ಇನ್ನೊಂದಕ್ಕೆ ಕಾಳು, ಮೊಟ್ಟೆ, ಮೀನು ಅಥವಾ ಕೋಳಿ ಹಾಕಿಕೊಳ್ಳಿ. ಹಂದಿ ಮಾಂಸ ತಿನ್ನುವವರು ಕೊಬ್ಬಿನ ತುಂಡುಗಳನ್ನು ಬಿಟ್ಟು, ಕಡಿಮೆ ತಿನ್ನಬೇಕು. ರಾಗಿಯೂ ಸಕ್ಕರೆಯನ್ನು ಏರಿಸುತ್ತದೆ. ರಾಗಿ ಎಂಬ ಕಾರಣಕ್ಕೆ ಮುದ್ದೆಯನ್ನು ಲೆಕ್ಕವಿಲ್ಲದೆ ತಿನ್ನಬಾರದು.

ಬೆಲ್ಲ ಹಾಕಿದ ಕಾಫಿಯಿಂದ ತೊಂದರೆಯಿಲ್ಲ, ಜೇನು ಔಷಧಿಯೇ ಎಂಬ ಮಾತು ಊರಿನಲ್ಲಿದೆ. ಬೆಲ್ಲವೂ ಜೇನೂ ರಕ್ತದ ಸಕ್ಕರೆಯನ್ನು ಸಕ್ಕರೆಯಂತೆಯೇ ಏರಿಸುತ್ತವೆ. ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ ಕುಡಿಯುವವರು ಆ ಬೆಲ್ಲವನ್ನು ಬಿಟ್ಟರೆ, ಅದೊಂದೇ ದೊಡ್ಡ ಬದಲಾವಣೆಯಾಗುತ್ತದೆ. ಕಿತ್ತಳೆಯನ್ನು ರಸ ಮಾಡಿ ಕುಡಿಯದೆ, ಒಂದು ಹಣ್ಣನ್ನು ತೊಳೆತೊಳೆಯಾಗಿ ತಿನ್ನಿ.

ಇನ್ಸುಲಿನ್ ತೆಗೆದುಕೊಂಡು, ಊಟ ಮಾಡದೆ ಮದ್ಯ ಕುಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇದು ನಿದ್ದೆಯಲ್ಲಿ ಆದರೆ, ಕುಡಿದು ಮಲಗಿದ್ದಾರೆಂದು ಮನೆಯವರು ಸುಮ್ಮನಿರುವ ಸಂಭವವಿದೆ. ಮದ್ಯವನ್ನು ಬಿಡುವುದು ಒಳ್ಳೆಯದು. ಬಿಡಲಾಗದವರು ಖಾಲಿ ಹೊಟ್ಟೆಯಲ್ಲಿ ಕುಡಿಯಲೇಬಾರದು, ಮತ್ತು ಕುಡಿಯುವ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು.

ಇನ್ಸುಲಿನ್

ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಬಾಟಲಿಗಳು ಸಿಗುತ್ತವೆ. ಒಂದರ ಮೇಲೆ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಎಂದೂ, ಇನ್ನೊಂದರ ಮೇಲೆ 100 ಯೂನಿಟ್ ಎಂದೂ ಬರೆದಿರುತ್ತದೆ. 40ರ ಬಾಟಲಿಗೆ 40ರ ಸಿರಿಂಜನ್ನೇ, 100ರ ಬಾಟಲಿಗೆ 100ರ ಸಿರಿಂಜನ್ನೇ ಬಳಸಬೇಕು. ಸಾಮಾನ್ಯವಾಗಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ. ಆದರೂ ಬಣ್ಣವನ್ನು ಮಾತ್ರ ನಂಬದೆ ಅಂಕಿಯನ್ನು ಓದಿ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 10 ಯೂನಿಟ್ ಅಲ್ಲ, 25 ಯೂನಿಟ್. ಇದರಿಂದ ಪ್ರಾಣಾಪಾಯವಾಗಬಹುದು. ಅಂಗಡಿಯಿಂದ ಪ್ರತಿ ಸಲ ತಂದಾಗಲೂ ಬಾಟಲಿಯನ್ನೂ ಸಿರಿಂಜನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿ.

ಕೈ ತೊಳೆದುಕೊಂಡು, ಹೊಕ್ಕುಳಿನಿಂದ ಎರಡು ಬೆರಳು ದೂರದಲ್ಲಿ ಹೊಟ್ಟೆಗೆ ಅಥವಾ ತೊಡೆಯ ಹೊರಬದಿಗೆ ಚುಚ್ಚಿಕೊಳ್ಳಿ. ದಿನವೂ ಅದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಆದ್ದರಿಂದ ಪ್ರತಿ ಸಲ ಒಂದು ಬೆರಳಿನಷ್ಟಾದರೂ ಪಕ್ಕಕ್ಕೆ ಸರಿಯಿರಿ. ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್ನನ್ನು ಕುಲುಕಬಾರದು. ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಒಂದೇ ಸಮನಾದ ಮೇಲೆ ಎಳೆದುಕೊಳ್ಳಿ. ಊಟಕ್ಕೆ ಎಷ್ಟು ಹೊತ್ತು ಮೊದಲು ತೆಗೆದುಕೊಳ್ಳಬೇಕೆಂಬುದು ಇನ್ಸುಲಿನ್ನಿನ ಬಗೆಯ ಮೇಲೆ ಹೋಗುತ್ತದೆ. ನಿಮ್ಮ ಚೀಟಿಯಲ್ಲಿ ಬರೆದ ಹೊತ್ತನ್ನೇ ಪಾಲಿಸಿ.

ತೆರೆಯದ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಿನ ಕಡೆ ಇಡಿ. ಮಂಜುಗಡ್ಡೆಯಾಗುವ ಮೇಲಿನ ಖಾನೆಯಲ್ಲಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ನನ್ನು ಬಳಸಬಾರದು. ಬಳಸುತ್ತಿರುವ ಬಾಟಲಿಯನ್ನು ಬಿಸಿಲು, ಒಲೆಯ ಶಾಖ ತಾಗದ ತಂಪಾದ ಜಾಗದಲ್ಲಿ ಸಾಮಾನ್ಯವಾಗಿ 4 ವಾರ ಇಡಬಹುದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋದರೆ ಗಾಬರಿಯಾಗಬೇಡಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ನೀರಿರುವ ಮಣ್ಣಿನ ಮಡಕೆಯೊಳಗೆ ಇಡಿ. ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಇನ್ಸುಲಿನ್ ಬಿಟ್ಟು ಹೋಗಬೇಡಿ.

ಬೆವರು, ಕೈ ನಡುಕ, ಎದೆ ಬಡಿತ, ವಿಪರೀತ ಹಸಿವು, ಕಣ್ಣು ಮಂಜಾಗುವುದು, ಮಾತು ತಡವರಿಸುವುದು ಸಕ್ಕರೆ ಇಳಿದಿರುವ ಲಕ್ಷಣಗಳು. ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಅಥವಾ ಪರೀಕ್ಷಿಸಲು ಯಂತ್ರವಿಲ್ಲದಿದ್ದರೂ ಈ ಲಕ್ಷಣಗಳು ಕಂಡರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ತಕ್ಷಣ ಕುಡಿಯಿರಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಯಿರಿ. ಚೇತರಿಸಿಕೊಂಡ ಮೇಲೆ ಊಟ ಮಾಡಿ. ಕಾಫಿ ಕುಯ್ಲಿನ ದಿನಗಳಲ್ಲಿ ಊಟ ತಡವಾಗುವುದರಿಂದ, ತೋಟಕ್ಕೆ ಹೋಗುವವರು ಸಕ್ಕರೆಯ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಳ್ಳಬೇಕು ಮತ್ತು ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗಾದರೂ ತಮ್ಮ ಕಾಯಿಲೆಯ ವಿಷಯ ತಿಳಿಸಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಜ್ವರ, ವಾಂತಿ ಬಂದು ಊಟ ಸೇರದಿದ್ದರೂ ನೀವಾಗಿಯೇ ಇನ್ಸುಲಿನ್ ನಿಲ್ಲಿಸಬೇಡಿ. ಆಗ ಸಕ್ಕರೆ ಏರುವುದೇ ಹೆಚ್ಚು. ಪ್ರಮಾಣವನ್ನು ವೈದ್ಯರನ್ನು ಕೇಳಿ ಬದಲಿಸಿ.

ಪಾದಗಳು

ಕಾಲಿನ ನರ ಕೆಟ್ಟವರಿಗೆ ಮುಳ್ಳು ಚುಚ್ಚಿದರೂ, ಕೆಂಡ ತಾಗಿದರೂ ನೋವು ತಿಳಿಯುವುದಿಲ್ಲ. ನೋವಿಲ್ಲವೆಂದರೆ ಗಾಯವಿಲ್ಲವೆಂದು ಅರ್ಥವಲ್ಲ. ಆದ್ದರಿಂದ ಪ್ರತಿ ರಾತ್ರಿ ಮಲಗುವ ಮೊದಲು ಬೆಳಕಿನಲ್ಲಿ ಕುಳಿತು ಎರಡೂ ಪಾದಗಳನ್ನು ಕಣ್ಣಿನಿಂದ ನೋಡಲೇಬೇಕು. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಇಲ್ಲವೇ ಮಕ್ಕಳಿಗೆ ತೋರಿಸಿ. ಬೆರಳುಗಳ ಸಂದಿಯನ್ನೂ ಬಿಡಿಸಿ ನೋಡಬೇಕು.

ಮಳೆಗಾಲದಲ್ಲಿ ಇಡೀ ದಿನ ಗಂಬೂಟಿನೊಳಗೆ ಒದ್ದೆಯಾಗಿರುವ ಕಾಲಿನ ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಬಿರಿಯುತ್ತದೆ, ಮತ್ತು ಕೀವು ಆ ಬಿರುಕಿನಿಂದಲೇ ಶುರುವಾಗಬಹುದು. ಬದಲಿಸಲು ಒಣ ಕಾಲುಚೀಲವನ್ನು ಜೊತೆಯಲ್ಲಿ ಒಯ್ಯಿರಿ. ಮನೆಗೆ ಬಂದ ಕೂಡಲೇ ಸೋಪಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಪ್ರತಿಯೊಂದು ಸಂದಿಯನ್ನೂ ಒರೆಸಿ. ಒಣಗಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಸಂದಿಗೆ ಹಚ್ಚಬಾರದು. ಜಿಗಣೆ ಕಚ್ಚಿದ ಜಾಗವನ್ನು ಸೋಪು ನೀರಿನಿಂದ ತೊಳೆದು ಶುಭ್ರವಾದ ಬಟ್ಟೆ ಕಟ್ಟಿ. ಅಲ್ಲಿ ಕೆರೆದುಕೊಳ್ಳಬೇಡಿ, ಸುಣ್ಣವನ್ನಾಗಲಿ ಹೊಗೆಸೊಪ್ಪನ್ನಾಗಲಿ ಒತ್ತಬೇಡಿ.

ಚಳಿಯೆಂದು ಒಲೆಯ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳುವುದನ್ನೂ, ಬಿಸಿನೀರಿನ ಚೀಲ ಇಟ್ಟುಕೊಳ್ಳುವುದನ್ನೂ ಬಿಡಿ. ಚರ್ಮ ಸುಟ್ಟು ಬೊಬ್ಬೆ ಎದ್ದರೂ ನಿಮಗೆ ಗೊತ್ತಾಗುವುದಿಲ್ಲ. ಅದರ ಬದಲು ದಪ್ಪ ಕಾಲುಚೀಲ ಹಾಕಿಕೊಳ್ಳಿ. ಸ್ನಾನದ ನೀರಿನ ಬಿಸಿಯನ್ನು ಪಾದದಿಂದ ನೋಡದೆ ಮೊಣಕೈಯಿಂದ ನೋಡಿ. ಅಂಗಳಕ್ಕೂ ಬರಿಗಾಲಿನಲ್ಲಿ ಇಳಿಯಬೇಡಿ, ಮತ್ತು ಬೂಟು ಹಾಕುವ ಮೊದಲು ಕೊಡವಿ ಒಳಗೆ ಕೈಯಾಡಿಸಿ. ಉಗುರನ್ನು ನೇರವಾಗಿ ಕತ್ತರಿಸಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಬೀಡಿ, ಸಿಗರೇಟು ಕಾಲಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುವುದರಿಂದ ಅವನ್ನು ಬಿಡಬೇಕು.

ಹುಣ್ಣು, ಊತ, ಕೆಂಪು, ಕೀವು, ದುರ್ವಾಸನೆ ಅಥವಾ ಕಪ್ಪಾದ ಬೆರಳು ಕಂಡರೆ ಸಂತೆಯ ದಿನಕ್ಕೋ ಮಳೆ ಬಿಡಲೆಂದೋ ಕಾಯದೆ, ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹೋಗುವಾಗ ಇನ್ಸುಲಿನ್ ಬಾಟಲಿ, ಸಿರಿಂಜು ಮತ್ತು ಹಳೆಯ ಚೀಟಿಗಳನ್ನು ತೆಗೆದುಕೊಂಡು ಹೋಗಿ, ಮತ್ತು ವೈದ್ಯರು ಕೇಳದಿದ್ದರೂ ಎರಡೂ ಕಾಲುಗಳ ಚೀಲ ಬಿಚ್ಚಿ ತೋರಿಸಿ.