ಪಾಪುವಿನ ಊಟ, ನಿದ್ರೆಯ ಬಗ್ಗೆ ಅತ್ತೆಯವರಿಗೆ

ಪೂಜ್ಯ ಅತ್ತೆಯವರಿಗೆ,

ನಮಸ್ಕಾರಗಳು. ಸೋಮವಾರದಿಂದ ನಾನು ಮತ್ತೆ ಕೆಲಸಕ್ಕೆ ಹೋಗಬೇಕಾಗಿದ್ದು, ನೀವು ಅದಕ್ಕೆ ಮೊದಲೇ ಬಂದು ನಮ್ಮೊಂದಿಗೆ ಇರುತ್ತೀರಿ ಎಂಬುದರಿಂದ ನನ್ನ ಅಳುಕು ಅರ್ಧಕ್ಕರ್ಧ ಇಳಿದಿದೆ. ಬೆಳಿಗ್ಗೆ 8.30ಕ್ಕೆ ಹೊರಡುವ ಗಡಿಬಿಡಿಯಲ್ಲಿ ಬಾಯಲ್ಲಿ ಹೇಳಿದ್ದು ಅರ್ಧ ಉಳಿದುಹೋದೀತೆಂದು ಎಲ್ಲವನ್ನೂ ಬರೆಯುತ್ತಿದ್ದೇನೆ. ಮಕ್ಕಳನ್ನು ಬೆಳೆಸುವುದು ನಿಮಗೆ ಗೊತ್ತಿಲ್ಲದ ವಿಷಯವಲ್ಲ; ಏಳು ತಿಂಗಳ ಈ ಮಗುವಿಗೆ ಯಾವ ರೂಢಿ ಬಿದ್ದಿದೆ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಹೊರಡುವ ಮುನ್ನ ನಾನೇ ಹಾಲೂಡಿಸಿ, ಬೆಳಗಿನ ತಿಂಡಿಯನ್ನೂ ತಿನ್ನಿಸಿರುತ್ತೇನೆ. ಆಮೇಲೆ 10.30ಕ್ಕೆ, 2.30ಕ್ಕೆ ಒಂದೊಂದು ಬಾಟಲಿ ಹಾಲು ಕೊಡಿ. ಹಿಂಡಿಟ್ಟ ಎದೆಹಾಲು ಫ್ರಿಜ್‌ನ ಒಳಭಾಗದಲ್ಲಿ, ತಲಾ 120 ಮಿ.ಲೀ.ನಂತೆ, ಮೇಲೆ ದಿನಾಂಕ ಬರೆದು ಇರುತ್ತದೆ; ಹಳೆಯದನ್ನು ಮೊದಲು ಬಳಸಿ. ಕೆನೆ ಮೇಲೆ ಬೇರೆಯಾಗಿ ನಿಂತಿದ್ದರೆ ಕೆಟ್ಟಿದೆ ಎಂದಲ್ಲ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಟ್ಟು ಕಾಯಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಒಲೆಯ ಮೇಲೆ ನೇರವಾಗಿ ಕಾಯಿಸುವುದಾಗಲಿ, ಮೈಕ್ರೋವೇವ್‌ನಲ್ಲಿ ಇಡುವುದಾಗಲಿ ಬೇಡ. ಮೈಕ್ರೋವೇವ್‌ನಲ್ಲಿ ಹಾಲು ಒಂದೇ ಸಮನೆ ಬಿಸಿಯಾಗದೆ ಅಲ್ಲಲ್ಲಿ ಬಾಯಿ ಸುಡುವಷ್ಟು ಕಾದುಬಿಡುತ್ತದೆ. ಪಾಪು ಬಾಯಿಟ್ಟ ಬಾಟಲಿಯಲ್ಲಿ ಉಳಿದದ್ದನ್ನು ಎರಡು ಗಂಟೆಯೊಳಗೆ ಕುಡಿಸದಿದ್ದರೆ ಚೆಲ್ಲಿಬಿಡಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸಂಜೆ ಐದರ ನಂತರ ಹಸಿದು ರಚ್ಚೆ ಹಿಡಿದರೆ ಅರ್ಧ ಬಾಟಲಿ ಸಾಕು, ಏಕೆಂದರೆ ಆರಕ್ಕೆ ನಾನು ಬಂದೊಡನೆ ಹಾಲೂಡಿಸುತ್ತೇನೆ. ಆಗ ಹೊಟ್ಟೆ ತುಂಬಿದ್ದರೆ ಇಬ್ಬರಿಗೂ ಕಷ್ಟ.

ಮಧ್ಯಾಹ್ನ 12ಕ್ಕೆ ಊಟ. ಗಟ್ಟಿಯಾದ ಗಂಜಿ, ಬೇಯಿಸಿ ಮಸೆದ ಬೇಳೆ ಅಥವಾ ತರಕಾರಿ, ಇಲ್ಲವೇ ಚೆನ್ನಾಗಿ ಕಳಿತ ಹಣ್ಣು, ಚಮಚದಿಂದ ಬೇಗ ಜಾರದಷ್ಟು ಮಂದವಾಗಿರಲಿ. ಹೊಸ ಪದಾರ್ಥವನ್ನು ಒಮ್ಮೆಗೆ ಒಂದೊಂದೇ ಕೊಟ್ಟು ಎರಡು ಮೂರು ದಿನ ನೋಡೋಣ. ತುಟಿ ಬಿಗಿದು ಮುಖ ತಿರುಗಿಸಿದರೆ ಅಲ್ಲಿಗೆ ಊಟ ಮುಗಿಯಿತು. ಬಟ್ಟಲು ಖಾಲಿ ಮಾಡಿಸುವ ಆಸೆ ನನಗೂ ಇದೆ, ಆದರೆ ಒತ್ತಾಯಿಸಿ ತಿನ್ನಿಸಿದರೆ ಮರುದಿನ ಚಮಚ ಕಂಡರೇ ಅಳುತ್ತದೆ.

ಕೆಲವು ವಿಷಯಗಳಲ್ಲಿ ಮಾತ್ರ ನನ್ನ ಮಾತನ್ನು ದಯವಿಟ್ಟು ನಡೆಸಿಕೊಡಬೇಕು. ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಿಗೆಗೆ ಸವರುವಷ್ಟೂ ಕೊಡಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ. ಉಪ್ಪು, ಸಕ್ಕರೆಯೂ ಸದ್ಯಕ್ಕೆ ಬೇಡ, ಕುಡಿಯಲು ಹಸುವಿನ ಹಾಲೂ ಬೇಡ. ಇಡೀ ದ್ರಾಕ್ಷಿ, ಬೀಜಗಳು ಕೈಗೆ ಸಿಗದಿರಲಿ. ತಿನ್ನುವಾಗ ಪಾಪು ಕೂತೇ ಇರಬೇಕು. ಓಕರಿಸಿ ಕೆಮ್ಮಿದರೆ ಸುಧಾರಿಸಿಕೊಳ್ಳಲು ಬಿಡಿ. ಆದರೆ ದನಿಯೇ ಹೊರಡದೆ ಉಸಿರಿಗೆ ಒದ್ದಾಡಿದರೆ ಬಾಯೊಳಗೆ ಕುರುಡಾಗಿ ಬೆರಳು ಹಾಕದೆ, ಮುಂಗೈ ಮೇಲೆ ಬೋರಲಾಗಿ ತಲೆ ತಗ್ಗಿಸಿ ಮಲಗಿಸಿ, ಎರಡು ಹೆಗಲ ನಡುವೆ ಅಂಗೈಯಿಂದ ಬಲವಾಗಿ ತಟ್ಟಬೇಕು. ಭಾನುವಾರ ಇದನ್ನು ನಾವಿಬ್ಬರೂ ಗೊಂಬೆಯ ಮೇಲೆ ಒಮ್ಮೆ ಮಾಡಿ ನೋಡೋಣ.

ನಿದ್ರೆಗೆ ಗಡಿಯಾರಕ್ಕಿಂತ ಪಾಪುವಿನ ಮುಖವನ್ನು ನಂಬಿ. ಎದ್ದ ಎರಡು ಎರಡೂವರೆ ಗಂಟೆಗೆ ಕಿವಿ ಎಳೆದುಕೊಳ್ಳುವುದು, ಕಣ್ಣುಜ್ಜುವುದು, ಆಟಿಕೆಯಿಂದ ದೃಷ್ಟಿ ತೆಗೆದು ಎಲ್ಲೋ ನೋಡುವುದು ಶುರುವಾಗುತ್ತದೆ; ಆಗಲೇ ಮಲಗಿಸಿದರೆ ಐದು ನಿಮಿಷದ ಕೆಲಸ. ಆ ಹೊತ್ತು ಮೀರಿತೋ, ದಣಿವು ಹೆಚ್ಚಿದಷ್ಟೂ ನಿದ್ರೆ ದೂರ ಓಡುತ್ತದೆ. ಸಾಮಾನ್ಯವಾಗಿ ಒಂಬತ್ತರ ಹೊತ್ತಿಗೆ ಒಂದು ನಿದ್ರೆ, ಊಟದ ನಂತರ ದೊಡ್ಡದೊಂದು, ನಾಲ್ಕೂವರೆಯ ಸುಮಾರಿಗೆ ಅರ್ಧ ಗಂಟೆಯ ಕೋಳಿನಿದ್ರೆ. ಈ ಕೊನೆಯದು ಐದೂಕಾಲು ದಾಟಿದರೆ ಎಬ್ಬಿಸಿಬಿಡಿ, ಇಲ್ಲವಾದರೆ ರಾತ್ರಿ 7.30ಕ್ಕೆ ಮಲಗುವುದಿಲ್ಲ. ಪರದೆ ಎಳೆದು, ತೊಡೆಯ ಮೇಲೆ ಹಾಕಿಕೊಂಡು ಬೆನ್ನು ತಟ್ಟಿ, ಕಣ್ಣು ಜೋಲುವಾಗಲೇ ಹಾಸಿಗೆಗೆ ಇಳಿಸಿ. ನನ್ನ ಹಾಡಿಗೆ ಬೆಲೆಯಿಲ್ಲ, ನಿಮ್ಮ ಮಗನ ಅಪಸ್ವರಕ್ಕೆ ಮಾತ್ರ ಥಟ್ಟನೆ ಮಲಗುತ್ತದೆ. ನಿಮ್ಮ ಕಂಠಕ್ಕೆ ಏನೆನ್ನುವುದೋ ನೋಡಬೇಕು.

ಮಲಗಿಸುವಾಗ ಯಾವಾಗಲೂ ಅಂಗಾತ, ಗಟ್ಟಿ ಹಾಸಿಗೆಯ ಅದರದೇ ತೊಟ್ಟಿಲಮಂಚದಲ್ಲೇ. ಉಸಿರಾಟಕ್ಕೆ ಅಡ್ಡಿಯಾಗಬಹುದೆಂದು ದಿಂಬು, ಸಡಿಲವಾದ ಹೊದಿಕೆ, ಗೊಂಬೆ ಯಾವುದನ್ನೂ ಒಳಗೆ ಇಡುತ್ತಿಲ್ಲ. ಈಗ ಎರಡೂ ಕಡೆ ತಾನಾಗಿ ಹೊರಳುವುದನ್ನು ಕಲಿತಿರುವುದರಿಂದ, ನಿದ್ರೆಯಲ್ಲಿ ಮಗುಚಿಕೊಂಡರೆ ಮತ್ತೆ ತಿರುಗಿಸಬೇಕಾಗಿಲ್ಲ. ನೀವು ಎತ್ತಿಕೊಂಡು ಸೋಫಾದಲ್ಲಿ ಕೂತಾಗ ನಿಮಗೇ ತೂಕಡಿಕೆ ಬಂದರೆ ಮಾತ್ರ ತಕ್ಷಣ ಮಂಚದಲ್ಲಿ ಮಲಗಿಸಿಬಿಡಿ. ಪಾಪು ಮಲಗಿದಾಗ ನೀವೂ ಒರಗಿಕೊಳ್ಳಿ, ಪಾತ್ರೆ ಬಟ್ಟೆಗಳನ್ನು ಸಂಜೆ ನಾವು ನೋಡಿಕೊಳ್ಳುತ್ತೇವೆ. ರಾತ್ರಿಯ ಎಚ್ಚರವೂ ನಮ್ಮದೇ.

ಜ್ವರ 38 ಡಿಗ್ರಿ ಮುಟ್ಟಿದರೆ, ಎರಡು ಬಾರಿ ಹಾಲು ಬೇಡವೆಂದರೆ, ಅಥವಾ ಡಯಾಪರ್ ಬಹಳ ಹೊತ್ತು ಒಣಗಿಯೇ ಇದ್ದರೆ ನಾನು ಮೀಟಿಂಗ್‌ನಲ್ಲಿದ್ದರೂ ಫೋನ್ ಮಾಡಿ. ವೈದ್ಯರ ಸಂಖ್ಯೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ನಾನಾಗಿ ಮಧ್ಯಾಹ್ನ ಎರಡೂವರೆಯ ನಂತರವೇ ಕರೆ ಮಾಡುತ್ತೇನೆ, ಅದಕ್ಕೆ ಮುಂಚೆ ಮಾಡಿದರೆ ಗಂಟೆಯ ಸದ್ದಿಗೆ ದೊಡ್ಡ ನಿದ್ರೆಯೇ ಹಾಳಾದೀತು.

ಇತಿ ನಮಸ್ಕಾರಗಳೊಂದಿಗೆ,
ನಿಮ್ಮ ಸೊಸೆ